ಬ್ಯಾಕ್‌ಟೆಸ್ಟ್‌ನಲ್ಲಿ ಗೆದ್ದ ಮಾಡೆಲ್ ಮಾರ್ಕೆಟ್‌ನಲ್ಲಿ ಸೋತರೆ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಲಕ್ಷಣ

ಹಳೆಯ ಡೇಟಾದ ಮೇಲೆ ಓಡಿಸಿದಾಗ ಮಾಡೆಲ್ ಚೆನ್ನಾಗಿ ಗಳಿಸುತ್ತದೆ. ನಿಜವಾದ ಹಣ ಹಾಕಿದ ಮೇಲೆ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಆಗ ಬಾಯಿಗೆ ಬರುವ ಮೊದಲ ಮಾತು "ಮಾರ್ಕೆಟ್ ಬದಲಾಯಿತು". ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅಲ್ವಾ? ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಾಗಿರುತ್ತದೆ. ಆದರೆ ಅದನ್ನು ಸಾಬೀತು ಮಾಡುವುದು ತುಂಬಾ ಕಷ್ಟ. ಹಾಗಾಗಿ ನಾನು ಆ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಸುಲಭವಾಗಿ ಪರೀಕ್ಷಿಸಬಹುದಾದವು ಮೊದಲು.

ನನ್ನದೇ ಒಂದು ಮಾಡೆಲ್ ಇಟ್ಟುಕೊಂಡು ಹೇಳುತ್ತೇನೆ. 60 ಷೇರುಗಳು, ದಿನಕ್ಕೊಂದು ಬೆಲೆ, 8 ವರ್ಷದ ಡೇಟಾ, ಅಂದರೆ ಸುಮಾರು 2000 ವಹಿವಾಟಿನ ದಿನಗಳು. ದಿನದ ಕೊನೆಗೆ ಪ್ರತಿ ಷೇರಿಗೂ ಮಾಡೆಲ್ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಇನ್ನು 5 ದಿನಕ್ಕೆ ಇದು ಈಗಿನದಕ್ಕಿಂತ ಮೇಲಿರುತ್ತದೋ, ಕೆಳಗಿರುತ್ತದೋ? ಮೇಲೆ ಎಂದರೆ ಖರೀದಿ, ಕೆಳಗೆ ಎಂದರೆ ಶಾರ್ಟ್, ಅಂದರೆ ಸಾಲ ತಂದ ಷೇರು ಮಾರಿ, ಬೆಲೆ ಇಳಿದ ಮೇಲೆ ಕೊಂಡು ತೀರಿಸುವುದು. ಕಳೆದ 20 ದಿನದ ಏರಿಳಿತ, 60 ದಿನದ ಸರಾಸರಿಯಿಂದ ಬೆಲೆ ಎಷ್ಟು ದೂರ, ಸೂಚ್ಯಂಕದ್ದೇ ಚಲನೆ, ಇಂಥವೇ ಫೀಚರ್‌ಗಳು. ಕಲಿಕೆಗೆ ನಿರ್ಧಾರದ ಮರಗಳನ್ನು ಕಟ್ಟುವ ಲೈಟ್‌ಜಿಬಿಎಂ. ಡೇಟಾವನ್ನು ಕಲಸಿ ಐದು ಫೋಲ್ಡ್ ಅಂದರೆ ಭಾಗ ಮಾಡಿ, ನಾಲ್ಕರಲ್ಲಿ ಕಲಿಸಿ ಉಳಿದೊಂದರಲ್ಲಿ ಸರದಿಯಂತೆ ಪರೀಕ್ಷಿಸಿದಾಗ ಶೇ 58ರಷ್ಟು ಊಹೆ ಸರಿಬಂತು. ಏರಿಳಿತಕ್ಕೆ ಹೋಲಿಸಿದರೆ ವರ್ಷದ ಗಳಿಕೆ ಎಷ್ಟು ಎಂದು ಹೇಳುವ ಶಾರ್ಪ್ ಅನುಪಾತ 2.4. ನಿಜ ವಹಿವಾಟಿನ ಮೊದಲ 63 ದಿನಗಳಲ್ಲಿ, ಅಂದರೆ ಮೂರು ತಿಂಗಳಲ್ಲಿ, ಸರಿ ಊಹೆ ಶೇ 50.4ಕ್ಕೆ ಬಂತು. ಹಾಕಿದ ಹಣದಲ್ಲಿ ಶೇ 3 ಹೋಯಿತು.

ಮೊದಲು ಕೇಳಬೇಕಾದ್ದು: ಇದು ನಿಜವಾಗಿ ದೋಷವೇ?

ನಷ್ಟವಾಯಿತು ಎಂದ ಮಾತ್ರಕ್ಕೆ ಮಾಡೆಲ್ ಕೆಟ್ಟಿದೆ ಎಂದಲ್ಲ. ಶಾರ್ಪ್ ಅನುಪಾತವನ್ನು ಅಳೆಯುವಾಗ ಆಗುವ ತಪ್ಪು ಸ್ಥೂಲವಾಗಿ 1 ಭಾಗಿಸು ವರ್ಷಗಳ ವರ್ಗಮೂಲ. ಮೂರು ತಿಂಗಳು ಎಂದರೆ 0.25 ವರ್ಷ. ಅದರ ವರ್ಗಮೂಲ 0.5. ಹಾಗಾಗಿ ತಪ್ಪು 2 ರಷ್ಟು. ನಿಜವಾದ ಶಾರ್ಪ್ 1 ಇರುವ ಒಳ್ಳೆಯ ಮಾಡೆಲ್ ಕೂಡ ಮೂರು ತಿಂಗಳ ತುಣುಕುಗಳಲ್ಲಿ ಸುಮಾರು ಮೂರಕ್ಕೆ ಒಂದರಲ್ಲಿ ನಷ್ಟ ತೋರಿಸುತ್ತದೆ. 2.4 ಇದ್ದರೂ ಒಂಬತ್ತಕ್ಕೆ ಒಂದರಲ್ಲಿ ನಷ್ಟವೇ. ಅಂದರೆ ಲಾಭನಷ್ಟದ ಗೆರೆ ನೋಡಿ ಮೂರು ತಿಂಗಳಲ್ಲಿ ಏನೂ ತೀರ್ಮಾನಿಸಲು ಬರುವುದಿಲ್ಲ.

ಊಹೆಗಳ ಲೆಕ್ಕ ಬೇರೆ. 63 ದಿನ, 60 ಷೇರು, ಒಟ್ಟು 3780 ಊಹೆಗಳು. ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದವು ಅಲ್ಲ. ಸೂಚ್ಯಂಕ ಬಿದ್ದ ದಿನ ಹೆಚ್ಚಿನ ಷೇರುಗಳೂ ಬೀಳುತ್ತವೆ. ಜೊತೆಗೆ ಇಂದಿನ 5 ದಿನ ಮತ್ತು ನಾಳೆಯ 5 ದಿನದಲ್ಲಿ 4 ದಿನ ಒಂದೇ. ಇದನ್ನೆಲ್ಲ ಕಳೆದು ನಾನು ಸ್ವತಂತ್ರವಾದ ಊಹೆಗಳು 300 ಇರಬಹುದು ಎಂದು ಲೆಕ್ಕ ಹಾಕಿದೆ. ಆಗ ಅಳತೆಯ ತಪ್ಪು ಶೇ 2.9. ಕಾಣುತ್ತಿರುವ ಇಳಿತ 58ರಿಂದ 50.4ಕ್ಕೆ, ಅಂದರೆ 7.6. ತಪ್ಪಿನ 2.6 ಪಟ್ಟು. ಬರೀ ದುರದೃಷ್ಟ ಎಂದು ಬಿಡಲು ಇದು ಜಾಸ್ತಿಯೇ ಆಯಿತು. ಹುಡುಕಲೇಬೇಕು.

ಮೊದಲ ಕವಲು: ಅದೇ ದಿನಗಳ ಮೇಲೆ ಬ್ಯಾಕ್‌ಟೆಸ್ಟ್

ನಿಜ ವಹಿವಾಟು ನಡೆದ ಆ 63 ದಿನಗಳನ್ನೇ ತೆಗೆದುಕೊಳ್ಳಿ. ಮಾಡೆಲ್ ಮುಟ್ಟಬೇಡಿ, ಮತ್ತೆ ಕಲಿಸಬೇಡಿ. ಹಳೆಯ ಡೇಟಾಗೆ ಬಳಸಿದ ಅದೇ ಕೋಡ್ ಆ ದಿನಗಳ ಮೇಲೆ ಓಡಿಸಿ. ಬಂದ ಊಹೆಗಳನ್ನು, ನಿಜ ವಹಿವಾಟಿನ ದಿನ ದಾಖಲಾದ ಊಹೆಗಳ ಪಕ್ಕದಲ್ಲಿ ಇಡಿ. ದಿನದ ಲಾಗ್ ಇಡದಿದ್ದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗಾಗಿ ಫೀಚರ್‌ಗಳ ಮೌಲ್ಯಗಳನ್ನೂ ಊಹೆಯನ್ನೂ ಆಯಾ ದಿನವೇ ಬರೆದಿಡುವುದು ಒಳ್ಳೆಯದು.

ಬ್ಯಾಕ್‌ಟೆಸ್ಟ್ ಆ ದಿನಗಳಲ್ಲೂ ಚೆನ್ನಾಗಿ ಗಳಿಸಿದರೆ ತಪ್ಪು ಕೊಳಾಯಿಯಲ್ಲಿದೆ, ಅಂದರೆ ಡೇಟಾ ಮಾಡೆಲ್‌ವರೆಗೆ ಹರಿದು ಬರುವ ದಾರಿಯಲ್ಲಿ. ವಹಿವಾಟಿನ ಹೊತ್ತಿಗೆ ಸಿಗದ ಸಂಖ್ಯೆಯೊಂದು ಹಳೆಯ ಡೇಟಾದಲ್ಲಿ ಕೂತಿರುತ್ತದೆ. ದಿನ ಮುಗಿದ ಮೇಲಷ್ಟೇ ಪೂರ್ತಿಯಾಗುವ ವಹಿವಾಟಿನ ಪ್ರಮಾಣ, ಷೇರು ವಿಭಜನೆ ಆದ ಮೇಲೆ ಹಿಂದಕ್ಕೆ ತಿದ್ದಿದ ಬೆಲೆ, ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು. ಬ್ಯಾಕ್‌ಟೆಸ್ಟ್ ಕೂಡ ಆ ದಿನಗಳಲ್ಲಿ ಸೋತರೆ ಕೊಳಾಯಿ ಸರಿಯಿದೆ, ನೀರೇ ಕೆಟ್ಟಿದೆ.

ನನ್ನಲ್ಲಿ ಎರಡನೆಯದೇ ಆಗಿತ್ತು. ಬ್ಯಾಕ್‌ಟೆಸ್ಟ್ ಶೇ 50.9 ಎಂದಿತು, ನಿಜ ವಹಿವಾಟು 50.4. ಹೆಚ್ಚೇನೂ ವ್ಯತ್ಯಾಸವಿಲ್ಲ. ಹಾಗಾದರೆ ಆ 58 ಎಲ್ಲಿಂದ ಬಂತು?

ಸೋರಿಕೆ

ನನ್ನ ತಪ್ಪು ಸಿಕ್ಕಿದ್ದು ಇಲ್ಲಿ. ಲೇಬಲ್ ಎಂದರೆ ಕಲಿಸುವಾಗ ಮಾಡೆಲ್‌ಗೆ ಕೊಡುವ ಸರಿಯುತ್ತರ. ಸೋಮವಾರದ ಲೇಬಲ್ ಮಂಗಳವಾರದಿಂದ ಮುಂದಿನ ಸೋಮವಾರದವರೆಗಿನ ಐದು ದಿನಗಳ ಚಲನೆ. ಮಂಗಳವಾರದ ಲೇಬಲ್ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ. ಐದರಲ್ಲಿ ನಾಲ್ಕು ದಿನ ಒಂದೇ. ಡೇಟಾ ಕಲಸಿ ಫೋಲ್ಡ್ ಮಾಡಿದರೆ ಸೋಮವಾರ ಮತ್ತು ಬುಧವಾರ ಕಲಿಕೆಗೆ ಹೋಗಿ, ನಡುವಿನ ಮಂಗಳವಾರ ಪರೀಕ್ಷೆಗೆ ಬೀಳುತ್ತದೆ. ಮಂಗಳವಾರದ ಉತ್ತರದ ಬಹುಪಾಲು ಮಾಡೆಲ್ ಆಗಲೇ ನೋಡಿರುತ್ತದೆ. ಇದೇ ಸೋರಿಕೆ.

ನೋಡಿದರೇನು, ಅದೇ ವಾರ ಎಂದು ಮಾಡೆಲ್‌ಗೆ ಗೊತ್ತಾಗುವುದು ಹೇಗೆ? ನಿಧಾನವಾಗಿ ಬದಲಾಗುವ ಫೀಚರ್‌ಗಳಿಂದ. ಸೂಚ್ಯಂಕದ 60 ದಿನದ ಸರಾಸರಿ ಒಂದು ದಿನದಲ್ಲಿ ಕೂದಲೆಳೆಯಷ್ಟೇ ಸರಿಯುತ್ತದೆ. ಅಂಥ ಮೂರು ನಾಲ್ಕು ಫೀಚರ್ ಸೇರಿದರೆ ಅವು ಕ್ಯಾಲೆಂಡರ್ ಇದ್ದಂತೆ. "ಈ ಸಂಖ್ಯೆಗಳು ಬಂದ ವಾರ ಎಲ್ಲವೂ ಏರಿತ್ತು" ಎಂದು ಮರದ ಒಂದು ಎಲೆ ನೆನಪಿಟ್ಟುಕೊಳ್ಳುತ್ತದೆ. ಅದು ಬರೀ ನೆನಪು. ಮುಂದಿನ ವಾರಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಇದನ್ನು ಪತ್ತೆ ಹಚ್ಚಲು ಹಲವರು ಲೇಬಲ್‌ಗಳನ್ನು ಸುಮ್ನೆ ಕಲಸಿ ನೋಡುತ್ತಾರೆ. ಕಲಸಿದ ಮೇಲೂ 50ಕ್ಕಿಂತ ಮೇಲೆ ಬಂದರೆ ಸೋರಿಕೆ ಇದೆ ಎಂಬ ಲೆಕ್ಕ. ನಾನೂ ಮಾಡಿದೆ, ಸರಿಯಾಗಿ 50 ಬಂತು. ನಿರಾಳವಾಗಿ ಮುಂದೆ ಹೋದೆ. ಆದರೆ ಲೇಬಲ್ ಕಲಸಿದ ಕೂಡಲೇ ಅಕ್ಕಪಕ್ಕದ ದಿನಗಳ ನಾಲ್ಕು ದಿನದ ಹೊಂದಾಣಿಕೆಯೂ ಅಳಿಸಿಹೋಗುತ್ತದೆ. ನಾವು ಹುಡುಕುತ್ತಿರುವ ಸೋರಿಕೆಯನ್ನು ಆ ಪರೀಕ್ಷೆಯೇ ಒರೆಸಿಬಿಡುತ್ತದೆ.

ಇದಕ್ಕೆ ಸರಿಯಾದ ಪರೀಕ್ಷೆ ಸುಳ್ಳು ಬೆಲೆಗಳದ್ದು. ಮುಂದಿನದು ಏನೆಂದು ಯಾರಿಗೂ ಹೇಳಲಾಗದ ಬೆಲೆಗಳನ್ನು ನೀವೇ ಸೃಷ್ಟಿಸಿ:

```python
rng = np.random.default_rng(7)
m = rng.normal(0, 0.010, size=(2000, 1))
e = rng.normal(0, 0.015, size=(2000, 60))
fake = 100 * np.exp(np.cumsum(m + e, axis=0))
```

ಈ ಬೆಲೆಗಳನ್ನು ಮೊದಲ ಹೆಜ್ಜೆಯಿಂದಲೇ ಒಳಗೆ ಬಿಡಿ. ಫೀಚರ್, ಲೇಬಲ್, ಫೋಲ್ಡ್ ಎಲ್ಲವೂ ಹೊಸದಾಗಿ ಆಗಬೇಕು. ಇಲ್ಲಿ ಕಲಿಯಲು ಏನೂ ಇಲ್ಲ. ಉತ್ತರ 50ರ ಆಸುಪಾಸಿನಲ್ಲೇ ಇರಬೇಕು. ನನ್ನ ಹಳೆಯ ಕೋಡ್ ಇದರ ಮೇಲೆ 55 ದಾಟಿತು! ಯಾದೃಚ್ಛಿಕ ಸಂಖ್ಯೆಗಳ ಮೇಲೆ ಹಣ ಮಾಡುವ ಯಂತ್ರ ಕಟ್ಟಿದ್ದೆ. ಒಂದು ಎಚ್ಚರಿಕೆ: ಎಲ್ಲ ಷೇರಿಗೂ ಸೇರುವ `m` ಎಂಬ ಸಾಲನ್ನು ಬಿಡಬೇಡಿ. ಷೇರುಗಳು ಒಟ್ಟಿಗೆ ಚಲಿಸಿದಾಗಲೇ ಕ್ಯಾಲೆಂಡರ್‌ನ ನೆನಪಿಗೆ ಬೆಲೆ ಬರುವುದು. ಒಂದಕ್ಕೊಂದು ಸಂಬಂಧವಿಲ್ಲದ 60 ಸುಳ್ಳು ಷೇರು ಕೊಟ್ಟರೆ ಸೋರಿಕೆ ಅಷ್ಟಾಗಿ ಕಾಣಿಸದೆ ತಪ್ಪಿಸಿಕೊಳ್ಳುತ್ತದೆ.

ಸರಿಪಡಿಸುವುದು ಸುಲಭ. ಯಾವಾಗಲೂ ಹಿಂದಿನದರಲ್ಲಿ ಕಲಿಸಿ, ಮುಂದಿನದರಲ್ಲಿ ಪರೀಕ್ಷಿಸಬೇಕು. ನಡುವೆ ಲೇಬಲ್‌ನ ಉದ್ದದಷ್ಟು ದಿನ ಖಾಲಿ ಬಿಡಬೇಕು. ಇದಕ್ಕೆ ಸೈಕಿಟ್-ಲರ್ನ್ ಲೈಬ್ರರಿಯ `TimeSeriesSplit` ನಲ್ಲಿ `gap` ಎಂಬ ಆಯ್ಕೆ ಇದೆ. ಆದರೆ ಅದು ಎಣಿಸುವುದು ಸಾಲುಗಳನ್ನು, ದಿನಗಳನ್ನಲ್ಲ. ದಿನಕ್ಕೆ 60 ಸಾಲು ಇರುವ ಟೇಬಲ್‌ಗೆ ನೇರವಾಗಿ `gap=5` ಕೊಟ್ಟರೆ ಖಾಲಿ ಉಳಿಯುವುದು ಐದು ಷೇರು ಮಾತ್ರ, ಒಂದು ದಿನವೂ ಅಲ್ಲ. ದಿನಗಳನ್ನು ವಿಭಜಿಸಿ, ಆಮೇಲೆ ಸಾಲುಗಳನ್ನು ಆರಿಸಬೇಕು:

```python
dates = np.sort(df["date"].unique())
tss = TimeSeriesSplit(n_splits=5, gap=5)
for tr, te in tss.split(dates):
    train = df[df["date"].isin(dates[tr])]
    test = df[df["date"].isin(dates[te])]
```

ಹೀಗೆ ಮಾಡಿದ ಮೇಲೆ ಸುಳ್ಳು ಬೆಲೆಗಳ ಮೇಲೆ 50.1 ಬಂತು. ನಿಜ ಬೆಲೆಗಳ ಮೇಲೆ 58 ಇದ್ದದ್ದು 52.1 ಆಯಿತು. ಅದರಲ್ಲೂ ಇನ್ನೊಂದು ಕಡಿತವಿದೆ. ಆ ವರ್ಷಗಳಲ್ಲಿ ಕಣ್ಣು ಮುಚ್ಚಿ ಯಾವಾಗಲೂ "ಏರುತ್ತೆ" ಎಂದಿದ್ದರೂ ಶೇ 51.3 ಸರಿಬರುತ್ತಿತ್ತು. ಮಾಡೆಲ್‌ನ ಸ್ವಂತ ಗಳಿಕೆ 0.8 ಅಷ್ಟೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ನಿಜ ವಹಿವಾಟಿನ ಮೂರು ತಿಂಗಳು ಮಾರ್ಕೆಟ್ ಸ್ವಲ್ಪ ಇಳಿಮುಖವಾಗಿತ್ತು. ಆಗ ಕುರುಡು "ಏರುತ್ತೆ"ಗೆ ಸಿಕ್ಕಿದ್ದು 49.6, ಮಾಡೆಲ್‌ಗೆ 50.4. ವ್ಯತ್ಯಾಸ ಮತ್ತೆ 0.8! ಈ ಹೊಂದಿಕೆ ಕಂಡು ನಾನು ಹಿಗ್ಗಲಿಲ್ಲ. ಮೂರು ತಿಂಗಳ ಅಳತೆಯಲ್ಲಿ ತಪ್ಪೇ 2.9 ಇರುವಾಗ ಅದು ಕಾಕತಾಳೀಯ. ಆದರೆ ಮಾರ್ಕೆಟ್‌ನಲ್ಲಿ ಮಾಡೆಲ್ ಹೊಸದಾಗಿ ಕೆಟ್ಟಿದೆ ಎನ್ನಲು ಈಗ ಯಾವ ಆಧಾರವೂ ಉಳಿಯಲಿಲ್ಲ.

ಖರ್ಚು

ಇದು ಎರಡು ಸಾಲಿನ ಲೆಕ್ಕ. ಈ ಷೇರುಗಳು 5 ದಿನದಲ್ಲಿ ಸರಾಸರಿ ಶೇ 3ರಷ್ಟು ಅತ್ತ ಅಥವಾ ಇತ್ತ ಚಲಿಸುತ್ತವೆ. ಊಹೆ ಶೇ 58 ಸರಿಯಿದ್ದರೆ ಗೆಲುವು ಸೋಲುಗಳ ಅಂತರ ಶೇ 16, ಪ್ರತಿ ವಹಿವಾಟಿಗೆ ಶೇ 0.48 ಗಳಿಕೆ. ಸ್ವಂತ ಗಳಿಕೆಯಾದ 0.8 ಮಾತ್ರ ಸೇರಿ ಶೇ 50.8 ಆದರೆ ಅಂತರ ಶೇ 1.6, ಗಳಿಕೆ ಶೇ 0.05ಕ್ಕೂ ಕಡಿಮೆ. ಕೊಂಡು ಮಾರುವ ಒಂದು ಸುತ್ತಿಗೆ ಕಮಿಷನ್, ಖರೀದಿ ಮಾರಾಟ ದರಗಳ ಅಂತರ ಎಲ್ಲ ಸೇರಿ ನನಗೆ ಶೇ 0.10 ಬೀಳುತ್ತಿತ್ತು. 63 ದಿನದಲ್ಲಿ ಸುಮಾರು 12.6 ಸುತ್ತು. ಕಳೆದುಹೋದ ಶೇ 3ರಲ್ಲಿ ಸುಮಾರು 1.3 ಬರೀ ಖರ್ಚು.

ಅದೃಷ್ಟ

ಖರ್ಚು ಬದಿಗಿಟ್ಟು ನೋಡಿದರೆ ತಿದ್ದಿದ ಬ್ಯಾಕ್‌ಟೆಸ್ಟ್‌ನಲ್ಲಿ ಇನ್ನೂ 0.8 ಶಾರ್ಪ್ ಇತ್ತು. ಅದನ್ನಾದರೂ ನಂಬಬಹುದೇ?

ಐದು ಪರೀಕ್ಷಾ ತುಣುಕುಗಳು ಸೇರಿ 1665 ದಿನ, ಸುಮಾರು 6.7 ವರ್ಷ. ಶಾರ್ಪ್‌ನ ತಪ್ಪು 0.39ರಷ್ಟು. ಒಂದೇ ಒಂದು ಮಾಡೆಲ್ ಕಟ್ಟಿ 0.8 ಬಂದಿದ್ದರೆ ಕಿವಿ ನಿಮಿರಬೇಕಾದ ವಿಷಯ. ಆದರೆ ನಾನು ಫೀಚರ್ ಬದಲಿಸಿ, ಮರದ ಆಳ ಬದಲಿಸಿ, ಒಟ್ಟು ನೂರರ ಹತ್ತಿರ ರೂಪಗಳನ್ನು ನೋಡಿ ಚೆನ್ನಾಗಿದ್ದದ್ದನ್ನು ಆರಿಸಿದ್ದೆ. ಯಾವ ಗುಣವೂ ಇಲ್ಲದ 100 ಮಾಡೆಲ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದು ಸರಾಸರಿಯಾಗಿ ತಪ್ಪಿನ 2.5 ಪಟ್ಟು ಎತ್ತರದಲ್ಲಿ ಇರುತ್ತದೆ. ಅಂದರೆ 0.97. ನನ್ನ 0.8 ಅದಕ್ಕಿಂತ ಕೆಳಗೆ. ನನ್ನ ನೂರು ರೂಪಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುತ್ತವೆ, ಹಾಗಾಗಿ ಅವನ್ನು ಹತ್ತು ಎಂದೇ ಎಣಿಸಿಕೊಳ್ಳೋಣ. ಆಗಲೂ ಬರೀ ಅದೃಷ್ಟ 0.6 ಕೊಡುತ್ತದೆ.

ಇಲ್ಲಿ ಹಿಂದಕ್ಕೆ ಹೋಗಿ ರಿಪೇರಿ ಮಾಡಲು ಬರುವುದಿಲ್ಲ. ಎಷ್ಟು ರೂಪ ನೋಡಿದಿರಿ ಎಂದು ಮೊದಲ ದಿನದಿಂದ ಬರೆದಿಟ್ಟಿದ್ದರೆ ಮಾತ್ರ ಈ ಲೆಕ್ಕ ಸಾಧ್ಯ. ಕೊನೆಯ ಒಂದು ವರ್ಷದ ಡೇಟಾವನ್ನು ಮುಟ್ಟದೆ ಇಡುವುದೂ ಒಳ್ಳೆಯದು, ಆದರೆ ಅದನ್ನು ತೆರೆಯುವುದು ಒಂದೇ ಸಲ. ಎರಡನೇ ಸಲ ತೆರೆದರೆ ಅದೂ ಆಯ್ಕೆಯ ಭಾಗವೇ.

ಕೊನೆಗೆ: ಮಾರ್ಕೆಟ್ ಬದಲಾಗಿದೆಯೇ?

ಇಷ್ಟೆಲ್ಲ ಆದಮೇಲೆ ಈ ಪ್ರಶ್ನೆ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಳಗೆ ಬರುವ ಸಂಖ್ಯೆಗಳು ಬದಲಾಗಿರಬಹುದು. ಇಲ್ಲವೇ ಸಂಖ್ಯೆಗಳು ಹಾಗೇ ಇದ್ದು, ಅವುಗಳಿಗೂ ನಾಳೆಯ ಬೆಲೆಗೂ ಇರುವ ನಂಟು ಬದಲಾಗಿರಬಹುದು.

ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಅಮೆರಿಕದ ಮಾರ್ಕೆಟ್‌ನ ತಳಮಳ ಅಳೆಯುವ ವಿಕ್ಸ್ ಸೂಚ್ಯಂಕ 2017ರಲ್ಲಿ ಎಷ್ಟೋ ದಿನ 10ಕ್ಕಿಂತ ಕೆಳಗೆ ಮುಗಿಯಿತು. 2018ರ ಫೆಬ್ರವರಿ 5ರಂದು ಒಂದೇ ದಿನದಲ್ಲಿ 17.31ರಿಂದ 37.32ಕ್ಕೆ ಹಾರಿತು. 2020ರ ಮಾರ್ಚ್ 16ರಂದು 82.69. ಮರಗಳಿಂದಾದ ಮಾಡೆಲ್‌ಗೆ 37ರವರೆಗೆ ಮಾತ್ರ ಕಲಿಸಿದ್ದರೆ 82 ಕೂಡ ಅದೇ ಕೊನೆಯ ಎಲೆಗೆ ಬೀಳುತ್ತದೆ. "ನನಗಿದು ಗೊತ್ತಿಲ್ಲ" ಎಂದು ಅದು ಹೇಳುವುದಿಲ್ಲ. ಅದೇ ಧೈರ್ಯದಿಂದ ಉತ್ತರ ಕೊಡುತ್ತದೆ.

ಪತ್ತೆಗೆ ಒಂದು ಉಪಾಯವಿದೆ. ಕಲಿಕೆಯ ದಿನಗಳಿಗೆ 0, ಇತ್ತೀಚಿನ ದಿನಗಳಿಗೆ 1 ಎಂದು ಗುರುತು ಹಾಕಿ, ಫೀಚರ್ ನೋಡಿ ಇವೆರಡನ್ನು ಬೇರ್ಪಡಿಸಲು ಇನ್ನೊಂದು ಮಾಡೆಲ್‌ಗೆ ಕಲಿಸಿ. ಎಷ್ಟು ಚೆನ್ನಾಗಿ ಬೇರ್ಪಡಿಸಿತು ಎಂದು ಅಳೆಯುವ ಎಯುಸಿ 0.5 ಬಂದರೆ ಎರಡೂ ಒಂದೇ ಥರ. 0.9 ಬಂದರೆ ಬೇರೆ. ಆದರೆ ಗಾಬರಿಯಾಗುವ ಮೊದಲು, ಮಾಡೆಲ್ ಚೆನ್ನಾಗಿದ್ದ ಹಳೆಯ ಕಾಲದ ಅಕ್ಕಪಕ್ಕದ ಎರಡು ಅವಧಿಗಳ ಮೇಲೂ ಇದನ್ನೇ ಮಾಡಿ. ನಿಧಾನ ಫೀಚರ್‌ಗಳು ಕ್ಯಾಲೆಂಡರ್ ಇದ್ದಂತೆ ಎಂದೆನಲ್ಲ, ಅವು ಯಾವ ಎರಡು ಅವಧಿಯನ್ನಾದರೂ ಬೇರ್ಪಡಿಸಿಬಿಡುತ್ತವೆ. ನನ್ನಲ್ಲಿ ಈಗಿನದಕ್ಕೆ 0.88 ಬಂತು, ಹಳೆಯ ಜೋಡಿಗೆ 0.86. ಅಂದರೆ ಹೊಸ ಸುದ್ದಿ ಏನೂ ಇಲ್ಲ.

ನಂಟು ಬದಲಾಗುವುದು ಇನ್ನೂ ಕಳ್ಳತನದ ಕೆಲಸ. 2007ರ ಆಗಸ್ಟ್ 7ರಿಂದ 9ರವರೆಗೆ ಅಮೆರಿಕದಲ್ಲಿ ಲೆಕ್ಕಾಚಾರದ ಮೇಲೆ ಷೇರು ಕೊಂಡು ಶಾರ್ಟ್ ಮಾಡುತ್ತಿದ್ದ ಹಲವು ಫಂಡ್‌ಗಳು ಒಟ್ಟಿಗೇ ದೊಡ್ಡ ನಷ್ಟ ಕಂಡವು. ಮೊದಲೆರಡು ದಿನ ಸೂಚ್ಯಂಕ ನೋಡಿದವರಿಗೆ ವಿಶೇಷವೇನೂ ಕಾಣಲಿಲ್ಲ. ಯಾರೋ ದೊಡ್ಡವರು ತಮ್ಮ ಹಿಡುವಳಿಯನ್ನು ಆತುರದಲ್ಲಿ ಬಿಡಿಸಿಕೊಂಡರು, ಅದೇ ಥರದ ಹಿಡುವಳಿ ಇದ್ದ ಉಳಿದವರೂ ಸಿಕ್ಕಿಬಿದ್ದರು ಎಂಬುದೇ ಹೆಚ್ಚು ಜನ ಒಪ್ಪುವ ವಿವರಣೆ. 10ರಂದು ಬೆಲೆಗಳು ಬಲವಾಗಿ ಹಿಂದಕ್ಕೆ ತಿರುಗಿದವು. 9ರ ರಾತ್ರಿ ಗಾಬರಿಯಿಂದ ಹೊಸ ಡೇಟಾ ಸೇರಿಸಿ ಮತ್ತೆ ಕಲಿಸಿದ ಮಾಡೆಲ್ ಕಲಿಯುತ್ತಿದ್ದುದು ಉಲ್ಟಾ ಪಾಠ.

ನನ್ನ ಮಾಡೆಲ್‌ನ ನಂಟು ಸವೆದಿದೆಯೇ? ಐದು ತುಣುಕುಗಳಲ್ಲಿ ಸ್ವಂತ ಗಳಿಕೆ ಹೀಗಿತ್ತು: 2.1, 1.4, 0.6, −0.3, 0.2. ನೋಡಿದರೆ ಇಳಿಜಾರು ಎಂದು ಯಾರಾದರೂ ಹೇಳುತ್ತಾರೆ. ಆದರೆ ಪ್ರತಿ ತುಣುಕಿನ ತಪ್ಪು 1.3ರ ಹತ್ತಿರ. ಗೆರೆ ಎಳೆದು ನೋಡಿದರೆ ಇಳಿತ ತುಣುಕಿಗೆ 0.55, ಅದರ ತಪ್ಪು 0.40. ಸವೆದಿರಬಹುದು, ಮೊದಲಿಂದಲೂ ಏನೂ ಇಲ್ಲದೆಯೂ ಇರಬಹುದು. ಎಂಟು ವರ್ಷದ ಡೇಟಾ ಇವೆರಡರಲ್ಲಿ ಯಾವುದು ಎಂದು ಹೇಳಲಾರದು.

ಇತ್ತೀಚಿನ ಡೇಟಾ ಮಾತ್ರ ಇಟ್ಟುಕೊಂಡು ಆಗಾಗ ಕಲಿಸಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಅದರ ಬೆಲೆ ಏನೆಂದು ಒಂದೇ ಸೂಚ್ಯಂಕದ ಲೆಕ್ಕದಲ್ಲಿ ನೋಡಿ. ದಿನದ ಚಲನೆಯ ಜೊತೆ ಒಳ್ಳೆಯ ಫೀಚರ್ ಒಂದಕ್ಕೆ 0.05ರಷ್ಟು ಸಹಸಂಬಂಧ ಇದ್ದರೆ ಈ ಕೆಲಸದಲ್ಲಿ ಅದು ಚಿನ್ನ. ಅದನ್ನು ಅಳೆಯುವಾಗಿನ ತಪ್ಪು 1 ಭಾಗಿಸು ದಿನಗಳ ವರ್ಗಮೂಲ. ಒಂದು ವರ್ಷದ 250 ದಿನ ಕೊಟ್ಟರೆ ತಪ್ಪು 0.063, ಚಿನ್ನಕ್ಕಿಂತ ಕಸವೇ ಜಾಸ್ತಿ. ಸಂಕೇತ ತಪ್ಪಿನ ಎರಡು ಪಟ್ಟಾಗಿ ಎದ್ದು ಕಾಣಬೇಕಾದರೆ 1600 ದಿನ ಬೇಕು, ಆರು ವರ್ಷಕ್ಕಿಂತ ಹೆಚ್ಚು. ಆರು ವರ್ಷ ನಂಟು ಬದಲಾಗದೆ ಇರುತ್ತದೆಯೇ? ಗದ್ದಲಕ್ಕೆ ಉದ್ದದ ಡೇಟಾ ಬೇಕು, ಬದಲಾವಣೆಗೆ ಗಿಡ್ಡ ಡೇಟಾ ಬೇಕು. ಎರಡಕ್ಕೂ ಒಪ್ಪುವ ಅಳತೆ ನನಗೆ ಸಿಕ್ಕಿಲ್ಲ. ಹೆಚ್ಚು ಷೇರುಗಳನ್ನು ಸೇರಿಸಿ ಸ್ವಲ್ಪ ದಾರಿ ಮಾಡಿಕೊಳ್ಳಬಹುದು, ಆದರೆ 3780 ಊಹೆಗಳು 300 ಆದದ್ದನ್ನು ಮೇಲೆ ನೋಡಿದೆವು.

ನಾನು ಹಣ ಹಿಂದಕ್ಕೆ ತೆಗೆದೆ. ಮಾಡೆಲ್ ಈಗ ಕಾಗದದ ಮೇಲೆ ಮಾತ್ರ ಓಡುತ್ತಿದೆ. ಲೇಬಲ್ 5 ದಿನದಿಂದ 20 ದಿನಕ್ಕೆ ಏರಿಸಿದ್ದೇನೆ, ಖರ್ಚಿನ ಸುತ್ತುಗಳು ನಾಲ್ಕನೇ ಒಂದಾದವು. `gap` ಕೂಡ 20 ಮಾಡಬೇಕು ಎಂಬುದು ಎರಡು ದಿನ ಬಿಟ್ಟು ನೆನಪಾಯಿತು. ಆ ಎರಡು ದಿನ ಫಲಿತಾಂಶ ಬಹಳ ಚೆನ್ನಾಗಿ ಕಾಣುತ್ತಿತ್ತು.